‘ಇವತ್ತೇ ವಿಡಿಯೋ ಹಾಕಿ ಸರ್’

ಜುಲೈ ತಿಂಗಳ ಮೂರನೇ ವಾರ. ನಮ್ಮ ಸಾಗರದ ಕಡೆ ಎಂಟು ದಿನದಿಂದ ಮಳೆ ಬಿಟ್ಟಿರಲಿಲ್ಲ. ರಾತ್ರಿ ಊಟ ಮುಗಿಸಿ ಫೋನ್ ತೆಗೆದರೆ, ನನ್ನ ಚಾನೆಲ್‌ನ ಒಂದು ಹಳೆಯ ವಿಡಿಯೋದ ಕೆಳಗೆ ಈ ಮಾತು ಇತ್ತು:

"ಅಡಿಕೆ ಕೊಳೆ ರೋಗದ ಬಗ್ಗೆ ವಿಡಿಯೋ ಮಾಡಿ ಅಂತ ಎಷ್ಟು ಸಲ ಹೇಳೋದು. ಇವತ್ತೇ ಹಾಕಿ ಸರ್. ಗೊಬ್ಬರ, ಕಾಲುವೆ ಅಂತ ಏನೇನೋ ಹಾಕ್ತೀರ. ರೈತರಿಗೆ ಬೇಕಾದ್ದು ಮಾತ್ರ ಹಾಕಲ್ಲ."

ನನ್ನದು ಅಡಿಕೆ ತೋಟದ ಕೆಲಸ ತೋರಿಸುವ ಸಣ್ಣ ಚಾನೆಲ್. ತೋಟ ನನ್ನದೇ, ಕ್ಯಾಮೆರಾ ಅಂದರೆ ಫೋನು, ಸಹಾಯಕ್ಕೆ ಅಣ್ಣನ ಮಗ. ಬಸಿಗಾಲುವೆ ತೆಗೆಯುವುದು, ಸಸಿ ನೆಡುವುದು, ಕಾಳುಮೆಣಸಿನ ಬಳ್ಳಿ ಹಬ್ಬಿಸುವುದು, ಇಂಥವೇ ವಿಡಿಯೋಗಳು. ಒಂದು ವಿಡಿಯೋ ಬೇಕು, ಅದೂ ಇವತ್ತೇ ಬೇಕು ಎನ್ನುವ ಮಾತು ಮಳೆಗಾಲದಲ್ಲಿ ವಾರಕ್ಕೆ ಎರಡು ಮೂರು ಬಂದೇ ಬರುತ್ತದೆ. ಅದಕ್ಕೆ ಏನು ಉತ್ತರ ಬರೆಯಬೇಕು ಎನ್ನುವುದನ್ನು ಕಲಿಯಲು ನನಗೆ ಮೂರು ವರ್ಷ ಹಿಡಿಯಿತು. ಆ ರಾತ್ರಿ ಬರೆದ ಉತ್ತರದ ಕಥೆಯನ್ನು ಇಲ್ಲಿ ಪೂರ್ತಿ ಹೇಳುತ್ತೇನೆ.

ಮೊದಲು, ಇದಕ್ಕೆ ಹಿಂದಿನ ವರ್ಷದ ಒಂದು ವಿಷಯ ಹೇಳಲೇಬೇಕು.

ಅವತ್ತು ಒಬ್ಬರು ಕಾಳುಮೆಣಸಿನ ಸೊರಗು ರೋಗದ ಬಗ್ಗೆ ಕೇಳಿದ್ದರು. ಬಹಳ ಒಳ್ಳೆಯ ಮಾತಿನಲ್ಲೇ ಕೇಳಿದ್ದರು. ನನಗೂ ಖುಷಿಯಾಗಿ, "ಈ ಭಾನುವಾರ ಖಂಡಿತ ಹಾಕುತ್ತೇನೆ" ಎಂದು ಬರೆದೆ. ಬರೆಯುವಾಗ ಅದು ಸುಳ್ಳಾಗಿರಲಿಲ್ಲ. ಭಾನುವಾರ ಮಳೆ, ಸೋಮವಾರ ಮಳೆ. ನಂತರ ಮನೆಯಲ್ಲಿ ಒಂದು ಕಾರ್ಯ. ವಿಡಿಯೋ ಹಾಕುವಾಗ ಮೂರು ವಾರ ಕಳೆದಿತ್ತು. ಅದರ ಕೆಳಗೆ ಅವರು ಬರೆದರು: "ನಿಮ್ಮ ವಿಡಿಯೋ ಬರಲಿ, ನೋಡಿಕೊಂಡು ಔಷಧಿ ಹಾಕೋಣ ಅಂತ ಕಾದೆ. ಎಂಟು ಬಳ್ಳಿ ಹೋಯ್ತು."

ಅವರು ಬೈದಿರಲಿಲ್ಲ. ಅದಕ್ಕೇ ಆ ಮಾತು ಇನ್ನೂ ಮನಸ್ಸಿನಲ್ಲಿದೆ. ಸೊರಗು ರೋಗ ಬಂದ ಬಳ್ಳಿ ಎರಡು ಮೂರು ವಾರದಲ್ಲಿ ಎಲೆ ಉದುರಿಸಿ ನಿಂತುಬಿಡುತ್ತದೆ. ಅಷ್ಟೂ ದಿನ ಅವರನ್ನು ಕಾಯಿಸಿದ್ದು ನನ್ನ "ಖಂಡಿತ" ಎನ್ನುವ ಒಂದು ಪದ. ನಾನು ಏನೂ ಬರೆಯದೇ ಇದ್ದಿದ್ದರೆ ಅವರು ಬೇರೆ ಯಾರನ್ನಾದರೂ ಕೇಳುತ್ತಿದ್ದರು. ಪಕ್ಕದ ಮನೆಯವರನ್ನು ಕೇಳಿದ್ದರೂ ಸಾಕಿತ್ತು.

ಅಲ್ಲಿಂದ ನನಗೆ ಅರ್ಥವಾದದ್ದು ಇದು. ವಿಡಿಯೋ ಹಾಕುತ್ತೇನೆ ಎಂದು ಮಾತು ಕೊಟ್ಟರೆ ಕೇಳಿದವರು ಕಾಯಲು ಕೂರುತ್ತಾರೆ. ತೋಟದ ರೋಗದ ವಿಷಯದಲ್ಲಿ ಕಾಯುವುದೇ ದೊಡ್ಡ ನಷ್ಟ. ಹಾಗಾಗಿ ಅವಸರದಲ್ಲಿ ಕೇಳಿದವರಿಗೆ ಬರೆಯುವ ಉತ್ತರದ ಮೊದಲ ಕೆಲಸ, ಅವರು ನನಗಾಗಿ ಕಾಯದಂತೆ ಮಾಡುವುದು. ಮರ್ಯಾದೆ, ನಯ ಎಲ್ಲವೂ ಬೇಕು. ಆದರೆ ಅವು ಇದರ ನಂತರ.

ಇನ್ನು ಆ ಜುಲೈ ರಾತ್ರಿಗೆ ಬರುತ್ತೇನೆ.

ಓದಿದ ತಕ್ಷಣ ನನಗೆ ಬೇಸರವಾಯಿತು. "ಎಷ್ಟು ಸಲ ಹೇಳೋದು" ಎಂದಿದ್ದರು. ನಾನು ಹುಡುಕಿ ನೋಡಿದೆ. ಅವರ ಹೆಸರಿನಲ್ಲಿ ಹಿಂದೆ ಒಂದೇ ಒಂದು ಮಾತು ಇತ್ತು, ಅದೂ ನಾಲ್ಕು ದಿನದ ಹಿಂದಿನದು: "ಕೊಳೆ ರೋಗ ವಿಡಿಯೋ ಮಾಡಿ." ನಾನು ಅದಕ್ಕೆ ಒಂದು ಹೃದಯದ ಗುರುತು ಒತ್ತಿ ಮುಂದೆ ಹೋಗಿದ್ದೆ. ಓದಿದ್ದೇನೆ ಎಂದು ತಿಳಿಸಲು ನಾನು ಅದನ್ನು ಒತ್ತುತ್ತೇನೆ. ಅವರಿಗೆ ಅದು "ಆಯ್ತು, ಮಾಡುತ್ತೇನೆ" ಎಂದು ಕೇಳಿಸಿದೆ. ಕೈಮುಗಿದ ಚಿತ್ರ, ಹೆಬ್ಬೆರಳಿನ ಚಿತ್ರ ಹಾಕಿದರೂ ಇದೇ ಆಗುತ್ತದೆ. ವಿಡಿಯೋ ಕೇಳಿದ ಮಾತಿಗೆ ಬರೀ ಗುರುತು ಒತ್ತುವುದನ್ನು ಅವತ್ತಿಗೆ ನಿಲ್ಲಿಸಿದೆ.

ಇನ್ನೊಂದು ಸಂಗತಿಯೂ ಇದೆ. "ಮಾಡಿ", "ಹಾಕಿ" ಎಂದು ಓದಿದಾಗ ನಮಗೆ ಆಜ್ಞೆಯಂತೆ ಕೇಳಿಸುತ್ತದೆ. ಆದರೆ ಕನ್ನಡದಲ್ಲಿ ನಾವು ಮಾತಾಡುವುದೇ ಹಾಗೆ ಅಲ್ವಾ? ನೆಂಟರ ಮನೆಗೆ ಹೋದರೆ "ಒಂಚೂರು ನೀರು ಕೊಡಿ" ಎನ್ನುತ್ತೇವೆ. "ದಯವಿಟ್ಟು ನೀರು ಕೊಡಿ" ಎಂದು ಯಾರೂ ಹೇಳುವುದಿಲ್ಲ, ಹೇಳಿದರೆ ಬಸ್ಸಿನ ಫಲಕ ಓದಿದ ಹಾಗಿರುತ್ತದೆ. ನಮ್ಮ ಮಾತಿನ ನಯ ಇರುವುದು ದನಿಯಲ್ಲಿ, ಮುಖದಲ್ಲಿ, "ಒಂಚೂರು", "ಸ್ವಲ್ಪ", "ಮಾರಾಯ್ರೆ" ಎನ್ನುವ ಸಣ್ಣ ಪದಗಳಲ್ಲಿ. ಹೆಬ್ಬೆರಳಿನಿಂದ ಫೋನಿನಲ್ಲಿ ಒತ್ತುವಾಗ ಮೊದಲು ಬಿಟ್ಟುಹೋಗುವುದು ಇವೇ. ಧಾರವಾಡದ ಕಡೆಯವರು "ಮಾಡ್ರಿ" ಎಂದು ಬರೆದರೆ ನನ್ನಂಥ ಮಲೆನಾಡಿನವನಿಗೆ ಗಡುಸಾಗಿ ಕಾಣಬಹುದು, ಅವರಿಗೆ ಅದು ಮರ್ಯಾದೆಯ ಮಾತೇ. ಹಾಗಾಗಿ ನಾನು ಈಗ ಒಂದು ಕೆಲಸ ಮಾಡುತ್ತೇನೆ. ಬಂದ ಮಾತನ್ನು ತೋಟದ ದಣಪೆಯ ಬಳಿ ನಿಂತ ಒಬ್ಬ ಮನುಷ್ಯ ಹೇಳಿದ ಹಾಗೆ ಜೋರಾಗಿ ಓದುತ್ತೇನೆ. "ಇವತ್ತೇ ಹಾಕಿ ಸರ್." ಹಾಗೆ ಓದಿದಾಗ ಆ ಮಾತಿನಲ್ಲಿ ನನಗೆ ಕೇಳಿಸಿದ್ದು ಗಾಬರಿ.

ಗಾಬರಿಗೆ ಕಾರಣವೂ ಇತ್ತು. ಕೊಳೆರೋಗ ಎಂದರೆ ಗೊತ್ತಿಲ್ಲದವರಿಗೆ ಎರಡು ಮಾತು ಹೇಳುತ್ತೇನೆ. ಎಡೆಬಿಡದೆ ಮಳೆ ಸುರಿದು, ನಡುವೆ ಸ್ವಲ್ಪ ಬಿಸಿಲು ಬಂದು, ಮತ್ತೆ ಮಳೆ ಹಿಡಿದರೆ ಎಳೆ ಅಡಿಕೆ ಕಾಯಿಯ ತೊಟ್ಟಿನ ಹತ್ತಿರ ನೀರು ಕುಡಿದಂತೆ ಕಡು ಹಸಿರು ಕಲೆ ಮೂಡುತ್ತದೆ. ಕಾಯಿ ಕೊಳೆತು ಉದುರುತ್ತದೆ. ಬಿದ್ದ ಕಾಯಿಯ ಮೇಲೆ ಒಂದೆರಡು ದಿನದಲ್ಲಿ ಬಿಳಿ ಬೂಸ್ಟು ಹಬ್ಬುತ್ತದೆ. ದಕ್ಷಿಣ ಕನ್ನಡದಲ್ಲಿ ಇದನ್ನು ಮಹಾಳಿ ಎನ್ನುತ್ತಾರೆ. ಬೆಳಿಗ್ಗೆ ತೋಟಕ್ಕೆ ಹೋದಾಗ ಮರದ ಬುಡದಲ್ಲಿ ಹಸಿರು ಕಾಯಿ ಹಾಸಿಕೊಂಡು ಬಿದ್ದಿರುವುದನ್ನು ನೋಡಿದವರಿಗೆ "ಇವತ್ತೇ" ಎನ್ನುವ ಪದ ಎಲ್ಲಿಂದ ಬರುತ್ತದೆ ಎಂದು ಹೇಳಬೇಕಾಗಿಲ್ಲ.

ಈಗ, ನಾನು ಮನಸ್ಸು ಮಾಡಿದರೂ ಆ ವಿಡಿಯೋ ಇವತ್ತೇ ಆಗುತ್ತದೆಯೇ? ಕೊಳೆಗೆ ಮೈಲುತುತ್ತ, ಸುಣ್ಣ ಕೂಡಿಸಿದ ಬೋರ್ಡೋ ದ್ರಾವಣ ಹೊಡೆಯುವುದನ್ನು ತೋರಿಸಬೇಕು. ಅದಕ್ಕೆ ಮಳೆ ಬಿಡಬೇಕು. ಮಳೆ ಬಿಟ್ಟ ದಿನ, ಮರ ಹತ್ತಿ ಔಷಧಿ ಹೊಡೆಯುವ, ಕೊನೆ ಎಂದರೆ ಅಡಿಕೆ ಗೊಂಚಲು ಇಳಿಸುವ ನಮ್ಮೂರಿನ ಕೊನೆಗಾರರು ಬೆಳಕು ಹರಿದಾಗಿಂದ ಯಾರ ಯಾರ ತೋಟದಲ್ಲೋ ಮರದ ಮೇಲಿರುತ್ತಾರೆ. ಅವತ್ತು ಅವರನ್ನು ನಿಲ್ಲಿಸಿ "ಇನ್ನೊಂದು ಸಲ ಹತ್ತಿ, ಚಿತ್ರ ಸರಿ ಬಂದಿಲ್ಲ" ಎಂದು ಕೇಳುವುದು ನ್ಯಾಯವಲ್ಲ. ಚಿತ್ರ ತೆಗೆಯಲು ಒಳ್ಳೆಯ ದಿನವೇ ಔಷಧಿ ಹೊಡೆಯಲೂ ಒಳ್ಳೆಯ ದಿನ. ನಂತರ ಔಷಧಿಯ ಅಳತೆ ಎಲ್ಲೂ ತಪ್ಪಿಲ್ಲ ಎಂದು ತಿಳಿದವರಿಗೆ ತೋರಿಸಬೇಕು. ಎರಡು ರಾತ್ರಿ ಕುಳಿತು ಕತ್ತರಿಸಿ ಜೋಡಿಸಬೇಕು. ನಮ್ಮ ನೆಟ್‌ವರ್ಕಿನಲ್ಲಿ ಹತ್ತು ನಿಮಿಷದ ವಿಡಿಯೋ ಏರಿಸಲು ಒಂದಿಡೀ ರಾತ್ರಿ ಬೇಕು, ಕರೆಂಟ್ ಇದ್ದರೆ. ಎಲ್ಲಾ ಕೂಡಿಬಂದರೂ ಎಂಟು ಹತ್ತು ದಿನ. ಅಷ್ಟರಲ್ಲಿ ಅವರ ಕಾಯಿ ನೆಲದ ಮೇಲಿರುತ್ತದೆ.

ಅಂದರೆ ಅವರು ಕೇಳುತ್ತಿರುವುದು ವಿಡಿಯೋ. ಅವರಿಗೆ ಬೇಕಾಗಿರುವುದು ನಾಳೆ ಬೆಳಿಗ್ಗೆ ತೋಟದಲ್ಲಿ ಏನು ಮಾಡಬೇಕು ಎನ್ನುವ ಉತ್ತರ. ಇವೆರಡನ್ನೂ ಬೇರೆ ಮಾಡಿದರೆ ಬರೆಯುವುದು ಸುಲಭವಾಗುತ್ತದೆ. ವಿಡಿಯೋ ವಿಷಯದಲ್ಲಿ ಇಲ್ಲ ಎನ್ನಬಹುದು, ಉತ್ತರದ ವಿಷಯದಲ್ಲಿ ಹೂಂ ಎನ್ನಬಹುದು.

ಆದರೂ ಮೊದಲ ಸಲಕ್ಕೇ ಹಾಗೆ ಬರೆಯಲಿಲ್ಲ. ಮೊದಲು ಬರೆದದ್ದು ಹೀಗಿತ್ತು: "ನಮಸ್ಕಾರ. ನಾನು ತೋಟದ ಕೆಲಸ ಮಾಡಿಕೊಂಡೇ ವಿಡಿಯೋ ಮಾಡುವವನು. ಮಳೆಯಲ್ಲಿ ಚಿತ್ರ ತೆಗೆಯುವುದು ಎಷ್ಟು ಕಷ್ಟ ಎಂದು ತಿಳಿದುಕೊಳ್ಳಿ. ನೀವು ಕೇಳಿದ್ದು ಒಂದೇ ಸಲ." ಎಲ್ಲವೂ ನಿಜ. ಆದರೆ ಕಾಯಿ ಉದುರುತ್ತಿರುವ ಮನುಷ್ಯನಿಗೆ ನನ್ನ ಕಷ್ಟದ ಪಟ್ಟಿ ಕೊಟ್ಟು ಏನು ಪ್ರಯೋಜನ? ಅಳಿಸಿದೆ.

ಎರಡನೆಯ ಸಲ ಬರೆದದ್ದು: "ಕ್ಷಮಿಸಿ ಸರ್, ತಡವಾಯಿತು. ಆದಷ್ಟು ಬೇಗ ಹಾಕಲು ಪ್ರಯತ್ನಿಸುತ್ತೇನೆ." ನೋಡಲು ಬಹಳ ವಿನಯವಾಗಿದೆ. ಹೆಚ್ಚಿನವರು ಬರೆಯುವುದು ಇದನ್ನೇ, ನಾನೂ ನೂರು ಸಲ ಬರೆದಿದ್ದೇನೆ. ಆದರೆ ಕಾಳುಮೆಣಸಿನವರನ್ನು ಕಾಯಿಸಿದ್ದು ಇಂಥ ಮಾತೇ. "ಆದಷ್ಟು ಬೇಗ" ಎಂದರೆ ನನ್ನ ಲೆಕ್ಕದಲ್ಲಿ ಮೂರು ವಾರ, ಅವರ ಲೆಕ್ಕದಲ್ಲಿ ನಾಡಿದ್ದು. ಅದನ್ನೂ ಅಳಿಸಿದೆ.

ಇಲ್ಲಿ ಪದಗಳ ಬಗ್ಗೆ ಸ್ವಲ್ಪ ನಿಂತು ಹೇಳಬೇಕು, ಏಕೆಂದರೆ ಹೆಚ್ಚಿನ ಎಡವಟ್ಟು ಇಲ್ಲೇ ಆಗುವುದು. "ಮಾಡುತ್ತೇನೆ" ಎಂದರೆ ಕನ್ನಡದಲ್ಲಿ ಮಾತು ಕೊಟ್ಟ ಹಾಗೆ. ಅದರ ಹಿಂದೆ "ಪ್ರಯತ್ನ" ಸೇರಿಸಿದರೂ ಓದುವವರ ಕಣ್ಣು ನಿಲ್ಲುವುದು ಕೊನೆಯ "ತ್ತೇನೆ" ಮೇಲೆ. "ನೋಡೋಣ" ಇನ್ನೂ ಕಷ್ಟದ ಪದ. ನಮ್ಮ ಮನೆಗಳಲ್ಲಿ ಹಿರಿಯರು "ನೋಡೋಣ" ಎಂದರೆ ಅರ್ಧಕ್ಕಿಂತ ಜಾಸ್ತಿ "ಬೇಡ" ಎಂದೇ ಅರ್ಥ, ಮುಖ ನೋಡಿದರೆ ತಿಳಿಯುತ್ತದೆ. ಮುಖ ಕಾಣದ ಕಡೆ ಅದು ಅರ್ಧ ಒಪ್ಪಿಗೆಯಾಗುತ್ತದೆ. ನನ್ನ ಅಜ್ಜಿ ಇಂಥದ್ದಕ್ಕೆ ಬೇರೆಯೇ ರೂಪ ಬಳಸುತ್ತಿದ್ದರು. "ಮಳೆ ಬಿಟ್ಟರೆ ಬಂದೇನು" ಎನ್ನುತ್ತಿದ್ದರು. ಬರಲೂಬಹುದು, ಬರದೇ ಇರಲೂಬಹುದು, ಕಾಯಬೇಡಿ ಎನ್ನುವುದೆಲ್ಲ ಆ ಒಂದು "ಬಂದೇನು" ಒಳಗೆ ಇತ್ತು. ಇವತ್ತು ನಾನು "ಮಾಡಿಯೇನು" ಎಂದು ಬರೆದರೆ ಓದುವವರಿಗೆ ಹಳೆಯ ಪುಸ್ತಕದ ಮಾತಾಗಿ ಕಾಣುತ್ತದೆ. ಆ ರೂಪ ಕೈಬಿಟ್ಟುಹೋದ ಮೇಲೆ ನಮಗೆ ಉಳಿದಿರುವ ದಾರಿ, ಆಗುವುದನ್ನು ಆಗುತ್ತದೆ ಎಂದು, ಆಗದ್ದನ್ನು ಆಗುವುದಿಲ್ಲ ಎಂದು ಬಿಡಿಸಿ ಬರೆಯುವುದು.

ಮೂರನೆಯ ಸಲ ಬರೆದು ಕಳಿಸಿದ್ದು ಇದು:

"ನಮಸ್ಕಾರ. ಕೊಳೆ ಶುರುವಾಗಿದ್ದರೆ ದಯವಿಟ್ಟು ವಿಡಿಯೋಗೆ ಕಾಯಬೇಡಿ. ಈ ಮಳೆಗಾಲದಲ್ಲಿ ಹೊಸ ವಿಡಿಯೋ ನನ್ನಿಂದ ಆಗುವುದಿಲ್ಲ. ಮೊನ್ನೆಯೇ ಇದನ್ನು ಹೇಳಬೇಕಿತ್ತು, ಹೇಳದೇ ಇದ್ದದ್ದು ನನ್ನ ತಪ್ಪು. ನಿಮ್ಮ ತೋಟ ಯಾವ ಕಡೆ? ಹಿಂದಿನ ಸಲ ಔಷಧಿ ಹೊಡೆದದ್ದು ಯಾವಾಗ? ಬಿದ್ದ ಕಾಯಿಯ ಮೇಲೆ ಬಿಳಿ ಬೂಸ್ಟು ಕಾಣುತ್ತಿದೆಯಾ? ಇಷ್ಟು ತಿಳಿಸಿದರೆ ನನಗೆ ಗೊತ್ತಿರುವುದನ್ನು ನಾಳೆ ಬೆಳಿಗ್ಗೆ ಎಂಟು ಗಂಟೆಯೊಳಗೆ ಇಲ್ಲೇ ಬರೆಯುತ್ತೇನೆ."

"ಕಾಯಬೇಡಿ" ಎನ್ನುವುದನ್ನು ಬೇಕೆಂದೇ ಮೊದಲು ಇಟ್ಟೆ. ಫೋನಿನಲ್ಲಿ ಉದ್ದದ ಮಾತು ಮಡಚಿಕೊಂಡಿರುತ್ತದೆ, ಮೊದಲ ಕೆಲವು ಸಾಲು ಮಾತ್ರ ಕಾಣುತ್ತವೆ. ಉತ್ತರ ಬಂದಿದೆ ಎಂದು ಫೋನ್ ತಿಳಿಸುವಾಗ ಇನ್ನೂ ಕಡಿಮೆ ಕಾಣುತ್ತದೆ. ಮೊದಲ ಸಾಲಿನಲ್ಲಿ "ಚಾನೆಲ್ ನೋಡುತ್ತಿರುವುದಕ್ಕೆ ಧನ್ಯವಾದಗಳು" ಎಂದು ಬರೆದರೆ ಮುಖ್ಯವಾದದ್ದು ಮಡಿಕೆಯ ಒಳಗೆ ಹೋಗುತ್ತದೆ. ಇಲ್ಲಿ ಮಾತ್ರ "ದಯವಿಟ್ಟು" ಎಂದು ಬರೆದೆ, ಏಕೆಂದರೆ ನಿಜವಾಗಿ ಬೇಡಿಕೊಳ್ಳುತ್ತಿದ್ದವನು ನಾನು.

ಒಂದು ಮಾತನ್ನು ಮಾತ್ರ ಕೊಟ್ಟೆ, ನಾಳೆ ಎಂಟು ಗಂಟೆಯೊಳಗೆ ಬರೆಯುತ್ತೇನೆ ಎಂದು. ಅದು ಮಳೆಯ ಮೇಲೆ ನಿಂತಿಲ್ಲ, ಕೊನೆಗಾರರ ಮೇಲೆ ನಿಂತಿಲ್ಲ. ಪೂರ್ತಿ ನನ್ನ ಕೈಯಲ್ಲಿದೆ. ನನ್ನ ಕೈಯಲ್ಲಿ ಇರುವುದಕ್ಕೆ ಮಾತ್ರ ಗಂಟೆ, ದಿನ ಹೇಳುತ್ತೇನೆ.

"ಸರ್" ಎಂದು ಬರೆಯಲಿಲ್ಲ, ಗಮನಿಸಿರಬಹುದು. ಅವರ ಖಾತೆಯ ಹೆಸರು ಯಾವುದೋ ಹೂವಿನ ಹೆಸರಾಗಿತ್ತು. ಹಿಂದೆ ಒಮ್ಮೆ ಇಂಥದ್ದೇ ಹೆಸರಿನವರನ್ನು "ಅಣ್ಣ" ಎಂದು ಕರೆದಿದ್ದೆ. ಅವರು ಗಂಡ ತೀರಿಕೊಂಡ ಮೇಲೆ ಒಬ್ಬರೇ ತೋಟ ನೋಡಿಕೊಳ್ಳುತ್ತಿದ್ದ ಹೆಣ್ಣುಮಗಳು. "ನಮಸ್ಕಾರ" ಎಂದು ಶುರುಮಾಡಿ "ನೀವು" ಎಂದು ಮುಂದುವರಿದರೆ ಯಾರಿಗೂ ನೋವಾಗುವುದಿಲ್ಲ.

ರಾತ್ರಿ ಹನ್ನೊಂದಕ್ಕೆ ಉತ್ತರ ಬಂತು. ದನಿಯೇ ಬೇರೆಯಾಗಿತ್ತು. "ತೀರ್ಥಹಳ್ಳಿ ಹತ್ತಿರ ಸರ್. ಒಂದು ಎಕರೆ. ಜೂನ್ ಮೊದಲ ವಾರ ಹೊಡೆದಿದ್ದು. ಬಿಳಿ ಇದೆ. ಪ್ರತಿ ವರ್ಷ ಅಪ್ಪ ನೋಡಿಕೊಳ್ತಿದ್ರು, ಈಗ ಅವರಿಗೆ ಹುಷಾರಿಲ್ಲ. ನಾನು ಬೆಂಗಳೂರಿಂದ ಬಂದು ಹತ್ತು ದಿನ ಆಯ್ತು. ಔಷಧಿ ಹೇಗೆ ಕೂಡಿಸೋದು ಅಂತಾನೂ ಸರಿಯಾಗಿ ಗೊತ್ತಿಲ್ಲ. ಕೊನೆಗಾರ ಸಿಗ್ತಿಲ್ಲ. ಸಿಟ್ಟಲ್ಲಿ ಬರೆದೆ, ತಪ್ಪು ತಿಳ್ಕೋಬೇಡಿ."

ಮೂರು ಪ್ರಶ್ನೆ ಕೇಳಿದ್ದಕ್ಕೆ ಇಷ್ಟು ಸಿಕ್ಕಿತು. ನಾನು ಇದನ್ನು ಕೇಳದೆ ಕೊಳೆಯ ಬಗ್ಗೆ ಹತ್ತು ನಿಮಿಷದ ವಿಡಿಯೋ ಮಾಡಿದ್ದರೂ ಅದರಲ್ಲಿ ಅರ್ಧ ಭಾಗ ರೋಗ ಹೇಗೆ ಹರಡುತ್ತದೆ ಎನ್ನುವುದಕ್ಕೆ ಹೋಗುತ್ತಿತ್ತು. ಅವರಿಗೆ ಗೊತ್ತಿಲ್ಲದೇ ಇದ್ದದ್ದು ಔಷಧಿ ಕೂಡಿಸುವುದು. ಪ್ರಶ್ನೆಗಳನ್ನು ಆರಿಸಿದ್ದಕ್ಕೂ ಕಾರಣವಿತ್ತು. ಕಾಯಿ ಉದುರುವುದಕ್ಕೆ ಬೇರೆ ಕಾರಣಗಳೂ ಇರುತ್ತವೆ, ಬಿಳಿ ಬೂಸ್ಟು ಇದ್ದರೆ ಕೊಳೆಯ ಕಡೆಗೆ ಅನುಮಾನ ಗಟ್ಟಿಯಾಗುತ್ತದೆ. ಮೊದಲ ಸಲ ಹೊಡೆದ ಔಷಧಿಯ ರಕ್ಷಣೆ ಸುಮಾರು 40ರಿಂದ 45 ದಿನ ಎಂದು ಲೆಕ್ಕ. ಜೂನ್ ಮೊದಲ ವಾರದಿಂದ ಎಣಿಸಿದರೆ ಅವರ ಅವಧಿ ಮುಗಿಯುತ್ತಾ ಬಂದಿತ್ತು. ಎರಡನೇ ಸಲ ಹೊಡೆಯುವ ಹೊತ್ತಿಗೇ ಮಳೆ ಹಿಡಿದುಕೊಂಡಿತ್ತು.

ಬೆಳಿಗ್ಗೆ ಏಳೂವರೆಗೆ ಬರೆದೆ. ಅದನ್ನು ಇಲ್ಲಿ ಹಾಗೇ ಕೊಡುತ್ತೇನೆ:

"ನಮಸ್ಕಾರ. ನೀವು ಹೇಳಿದ್ದನ್ನು ನೋಡಿದರೆ ಕೊಳೆಯೇ ಇರಬೇಕು. ಆದರೆ ನಾನು ತೋಟ ನೋಡಿಲ್ಲ. ಉದುರಿದ ನಾಲ್ಕು ಕಾಯಿ ಕಾಗದದಲ್ಲಿ ಸುತ್ತಿಕೊಂಡು ತಾಲ್ಲೂಕಿನ ತೋಟಗಾರಿಕೆ ಇಲಾಖೆಗೆ ಇವತ್ತೇ ತೋರಿಸಿ. ಹೋಗಲು ಆಗದಿದ್ದರೆ ಕಿಸಾನ್ ಕಾಲ್ ಸೆಂಟರ್ 1800-180-1551, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಬೀಳುವುದಿಲ್ಲ.

ಮಳೆಯಲ್ಲೂ ಮಾಡಬಹುದಾದ ಕೆಲಸ: ಬಿದ್ದ ಕಾಯಿ ಎಲ್ಲವನ್ನೂ ಆರಿಸಿ ತೋಟದಿಂದ ಹೊರಗೆ ಸಾಗಿಸಿ ನಾಶ ಮಾಡಿ. ಬುಡದಲ್ಲಿ ಬಿಡಬೇಡಿ. ಕಾಲುವೆಯಲ್ಲಿ ನೀರು ನಿಂತಿದ್ದರೆ ಬಿಡಿಸಿ.

ಮಳೆ ಬಿಟ್ಟಾಗ: ಪೂರ್ತಿ ಕೊಳೆತ ಕೊನೆ ಇಳಿಸಿ, ಉಳಿದ ಕೊನೆಗೆ 1 ಶೇಕಡಾ ಬೋರ್ಡೋ ದ್ರಾವಣ. 1 ಕೆಜಿ ಮೈಲುತುತ್ತವನ್ನು 50 ಲೀಟರ್ ನೀರಿನಲ್ಲಿ, 1 ಕೆಜಿ ಒಳ್ಳೆಯ ಸುಟ್ಟ ಸುಣ್ಣವನ್ನು ಇನ್ನೊಂದು 50 ಲೀಟರ್ ನೀರಿನಲ್ಲಿ ಬೇರೆ ಬೇರೆ ಕರಗಿಸಿ. ಪ್ಲಾಸ್ಟಿಕ್ ಡ್ರಮ್ ಇರಲಿ, ಕಬ್ಬಿಣದ್ದು ಬೇಡ. ಸುಣ್ಣದ ನೀರಿಗೆ ಮೈಲುತುತ್ತದ ನೀರನ್ನು ನಿಧಾನಕ್ಕೆ ಹೊಯ್ಯುತ್ತಾ ಕಡ್ಡಿಯಿಂದ ತಿರುಗಿಸಿ. ತುಕ್ಕಿಲ್ಲದ ಕಬ್ಬಿಣದ ಚಾಕು ಒಂದು ನಿಮಿಷ ಅದ್ದಿ ನೋಡಿ. ಚಾಕು ಕೆಂಪಗಾದರೆ ಸುಣ್ಣ ಸಾಲದು, ಇನ್ನಷ್ಟು ಸುಣ್ಣದ ನೀರು ಹಾಕಿ ಮತ್ತೆ ನೋಡಿ. ಕೂಡಿಸಿದ್ದನ್ನು ಅವತ್ತೇ ಮುಗಿಸಿ.

ಈಗಾಗಲೇ ಕೊಳೆ ಹಿಡಿದ ಕಾಯಿ ಇದರಿಂದ ಸರಿಯಾಗುವುದಿಲ್ಲ. ಚೆನ್ನಾಗಿರುವುದನ್ನು ಉಳಿಸಿಕೊಳ್ಳಲು ಮಾತ್ರ ಇದು."

ಕೊನೆಯ ಎರಡು ಸಾಲು ಬರೆಯಲು ಮನಸ್ಸು ಬಾರದೆ ಸ್ವಲ್ಪ ಹೊತ್ತು ಕುಳಿತಿದ್ದೆ. ಆದರೆ ಜಾಸ್ತಿ ಭರವಸೆ ಕೊಡುವುದು ವಿಡಿಯೋ ವಿಷಯದಲ್ಲಷ್ಟೇ ಅಲ್ಲ, ಔಷಧಿಯ ವಿಷಯದಲ್ಲೂ ತಪ್ಪೇ. ಬೋರ್ಡೋ ದ್ರಾವಣ ಕಾಯಿಯ ಮೇಲೆ ಪದರವಾಗಿ ನಿಂತು ರೋಗ ಒಳಗೆ ಹೋಗದಂತೆ ತಡೆಯುತ್ತದೆ, ಒಳಗೆ ಹೋದದ್ದನ್ನು ಓಡಿಸುವುದಿಲ್ಲ. ಅದನ್ನು ಮೊದಲೇ ಹೇಳದಿದ್ದರೆ ಅವರು ಔಷಧಿ ಹೊಡೆದ ಮರುದಿನವೂ ಕಾಯಿ ಬೀಳುವುದನ್ನು ನೋಡಿ, ಸುಳ್ಳು ಹೇಳಿದರು ಎಂದು ತಿಳಿಯುತ್ತಾರೆ. ಅಥವಾ ಅಂಗಡಿಯವರು ಕೊಟ್ಟ ಇನ್ನೇನನ್ನೋ ಅದರ ಮೇಲೆ ಸುರಿಯುತ್ತಾರೆ. ಇದು ಹೆಚ್ಚು ಅಪಾಯ.

ಎರಡು ದಿನ ಬಿಟ್ಟು ಅವರು ಮತ್ತೆ ಕೇಳಿದರು: "ಎಲ್ಲಾ ಸರಿ ಸರ್, ಆದ್ರೂ ವಿಡಿಯೋ ಯಾವಾಗ ಹಾಕ್ತೀರ? ಬೇರೆಯವರಿಗೂ ಉಪಯೋಗ ಆಗುತ್ತೆ." ಇಲ್ಲಿ ಕಾಲು ಜಾರುವುದು ಸುಲಭ. ಈಗ ನಮ್ಮಿಬ್ಬರ ನಡುವೆ ವಿಶ್ವಾಸ ಬೆಳೆದಿದೆ, ಇಲ್ಲ ಎನ್ನಲು ಇನ್ನೂ ಕಷ್ಟ. ನಾನು ಬರೆದೆ: "ಈ ವಿಡಿಯೋ ಮಳೆಗಾಲಕ್ಕೆ ಮೊದಲು ಬಂದರೆ ಉಪಯೋಗ. ಮುಂದಿನ ಮೇ ತಿಂಗಳ ಪುಟದಲ್ಲಿ ಬರೆದಿಟ್ಟಿದ್ದೇನೆ. ದಿನ ಹೇಳುವುದಿಲ್ಲ, ಹೇಳಿ ತಪ್ಪಿದ್ದೇನೆ ಹಿಂದೆ." ಇನ್ನೊಮ್ಮೆ ಕೇಳಿದ್ದರೂ ಇದನ್ನೇ ಬರೆಯುತ್ತಿದ್ದೆ. ಪ್ರತಿ ಸಲ ಹೊಸ ಹೊಸ ಕಾರಣ ಕೊಡುತ್ತಾ ಹೋದರೆ ಅದು ಚೌಕಾಸಿಯ ಹಾಗೆ ಆಗಿಬಿಡುತ್ತದೆ.

ಆ ಪುಟ ಎನ್ನುವುದು ಸುಮ್ನೆ ಬರೆದ ಮಾತಲ್ಲ. ನನ್ನ ಹತ್ತಿರ ಇನ್ನೂರು ಪುಟದ ಒಂದು ನೋಟ್ ಪುಸ್ತಕ ಇದೆ. ಮೊದಲು ಕೇಳಿದವರ ಹೆಸರು, ತಾರೀಖು ಬರೆಯುತ್ತಿದ್ದೆ, ಯಾರು ಮೊದಲು ಕೇಳಿದರೋ ಅವರದ್ದು ಮೊದಲು ಎಂದು. ಅದು ತೋಟಕ್ಕೆ ಹೊಂದುವುದಿಲ್ಲ. ಈಗ ಪುಸ್ತಕವನ್ನು ತಿಂಗಳ ಲೆಕ್ಕದಲ್ಲಿ ಹನ್ನೆರಡು ಭಾಗ ಮಾಡಿದ್ದೇನೆ. ಯಾವ ತಿಂಗಳಲ್ಲಿ ನೋಡಿದರೆ ಕೆಲಸಕ್ಕೆ ಬರುತ್ತದೋ ಆ ತಿಂಗಳ ಪುಟದಲ್ಲಿ ಬರೆಯುತ್ತೇನೆ. ಕೊಳೆಯನ್ನು ಜುಲೈಯಲ್ಲಿ ಕೇಳುತ್ತಾರೆ. ಮೊದಲ ಔಷಧಿ ಹೊಡೆಯಬೇಕಾದದ್ದು ಮಳೆಗಾಲ ಶುರುವಾಗುವ ಮೊದಲು, ಅಥವಾ ಶುರುವಾದ ಕೂಡಲೇ. ಹಾಗಾಗಿ ಅದರ ಜಾಗ ಮೇ. ಜೊತೆಗೆ ಅವರು ಕೇಳಿದ ಪ್ರಶ್ನೆಯನ್ನು ಅವರ ಮಾತಿನಲ್ಲೇ ಬರೆದಿಡುತ್ತೇನೆ. "ಔಷಧಿ ಹೇಗೆ ಕೂಡಿಸೋದು ಅಂತಾನೂ ಸರಿಯಾಗಿ ಗೊತ್ತಿಲ್ಲ" ಎನ್ನುವುದು ಮೇ ಪುಟದಲ್ಲಿ ಹಾಗೇ ಇದೆ.

ಒಂದು ಎಚ್ಚರಿಕೆ ಹೇಳುವುದು ಮರೆಯುತ್ತಿದ್ದೆ. ಅವಸರದಲ್ಲಿರುವವರು ತಮ್ಮ ಫೋನ್ ನಂಬರ್ ಅಲ್ಲೇ ಬರೆದು "ಕಾಲ್ ಮಾಡಿ" ಎನ್ನುತ್ತಾರೆ. ಎಲ್ಲರಿಗೂ ಕಾಣುವ ಕಡೆ ನಂಬರ್ ಇದ್ದರೆ ಔಷಧಿ, ಗೊಬ್ಬರ ಮಾರುವವರು ಅವರನ್ನು ಬಿಡುವುದಿಲ್ಲ. "ನಂಬರ್ ಅಳಿಸಿ, ನಿಮಗೇ ತೊಂದರೆ" ಎಂದು ಮೊದಲು ಬರೆಯುತ್ತೇನೆ. ಅವರಿಗೆ ಅಳಿಸಲು ಗೊತ್ತಾಗದಿದ್ದರೆ ನಾನೇ ತೆಗೆದು, ಪ್ರಶ್ನೆಯನ್ನು ನಂಬರ್ ಇಲ್ಲದೆ ಮತ್ತೆ ಬರೆಯಲು ಕೇಳುತ್ತೇನೆ. ಕಾಲ್ ಮಾಡುತ್ತೇನೆ ಎಂದು ಮಾತ್ರ ಯಾರಿಗೂ ಹೇಳುವುದಿಲ್ಲ. ಒಬ್ಬರಿಗೆ ಮಾಡಿದರೆ ಅದನ್ನು ಓದಿದ ಇನ್ನೊಬ್ಬರಿಗೂ ಮಾಡಬೇಕಲ್ಲ.

ಆ ವಾರ ನನ್ನ ಉತ್ತರವನ್ನು ಅದೇ ವಿಡಿಯೋದ ಕೆಳಗೆ ಎಲ್ಲಕ್ಕಿಂತ ಮೇಲೆ ಕಾಣುವಂತೆ ಬೇರೆಯಾಗಿ ಬರೆದು ಪಿನ್ ಮಾಡಿದೆ. ಕೊಳೆಯ ಬಗ್ಗೆ ಕೇಳಿದ ಇನ್ನೂ ಐದಾರು ಜನರಿಗೆ "ಮೇಲೆ ಬರೆದಿದ್ದೇನೆ, ಓದಿ. ಅದರಲ್ಲಿ ಇಲ್ಲದ್ದು ಏನಾದರೂ ಇದ್ದರೆ ಕೇಳಿ" ಎಂದರೆ ಸಾಕಾಯಿತು. ಅವರಲ್ಲಿ ಒಬ್ಬರು, ಸುಣ್ಣ ಹಳೆಯದಾಗಿ ಪುಡಿಯಾಗಿದ್ದರೆ ನಡೆಯುತ್ತದೆಯೇ ಎಂದು ಕೇಳಿದರು. ನನಗೆ ಅದು ಹೊಳೆದೇ ಇರಲಿಲ್ಲ. ಗಾಳಿ ತಾಗಿ ಪುಡಿಯಾದ ಸುಣ್ಣದ ಶಕ್ತಿ ಇಳಿದಿರುತ್ತದೆ, ಚಾಕು ಕೆಂಪಗಾಗುವುದು ಹೆಚ್ಚಾಗಿ ಅಂಥ ಸುಣ್ಣದಲ್ಲೇ. ಅದನ್ನೂ ಮೇ ಪುಟಕ್ಕೆ ಸೇರಿಸಿದೆ.

ಆಗಸ್ಟ್ ಎರಡನೇ ವಾರ ತೀರ್ಥಹಳ್ಳಿಯವರು ಮತ್ತೆ ಬರೆದರು. "ಎರಡು ದಿನ ಬಿಸಿಲು ಬಂತು ಸರ್. ಕೊನೆಗಾರ ಸಿಕ್ಕಿದ. ಕೆಳಗಿನ ತೋಟದ ಕಾಯಿ ಹೆಚ್ಚು ಕಮ್ಮಿ ಪೂರ್ತಿ ಹೋಯ್ತು. ಮೇಲಿನದು ನಿಂತಿದೆ. ಚಾಕು ಕೆಂಪಾಗಿತ್ತು, ಸುಣ್ಣ ಹಾಕಿದೆ. ಅಪ್ಪನಿಗೆ ತೋರಿಸಿದೆ, ಸರಿ ಇದೆ ಅಂದ್ರು."

ಮುಂದಿನ ಮೇ ತಿಂಗಳಲ್ಲಿ ವಿಡಿಯೋ ಮಾಡಿದೆ. ರೋಗ ಹೇಗೆ ಹರಡುತ್ತದೆ ಎನ್ನುವುದಕ್ಕೆ ಒಂದು ನಿಮಿಷ. ಚಾಕು ಅದ್ದಿ ನೋಡುವುದಕ್ಕೆ ಮೂರು ನಿಮಿಷ.